ತಲೆ ಇಳಿದಿದೆಯೇ? ಕೊನೆಯ ಹಂತದ ಪಾಠ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಗರ್ಭಿಣಿಯರ ತಪಾಸಣೆಗೆ ವಿದ್ಯಾರ್ಥಿನಿಯರನ್ನು ಕರೆದೊಯ್ದಾಗ ಹೊಟ್ಟೆ ಮುಟ್ಟಿ ನೋಡುವುದನ್ನು ನಾಲ್ಕು ಹಂತಗಳಲ್ಲಿ ಕಲಿಸುತ್ತೇನೆ: ಗರ್ಭಕೋಶದ ಮೇಲ್ತುದಿ, ಎರಡು ಪಕ್ಕ, ಒಂದು ಕೈಯಿಂದ ಕೆಳಭಾಗ, ಕೊನೆಗೆ ತಾಯಿಯ ಪಾದಗಳ ಕಡೆ ಮುಖಮಾಡಿ ನಿಂತು ಎರಡೂ ಕೈಗಳಿಂದ ತಲೆ ಇಳಿದಿರುವ ಪ್ರಮಾಣ. ನನ್ನ ವಿದ್ಯಾರ್ಥಿನಿಯರು ಹೆಚ್ಚು ತಪ್ಪುವುದು ಕೊನೆಯದರಲ್ಲಿ.

ಒಮ್ಮೆ ಚಳ್ಳಕೆರೆಯಲ್ಲಿ 38 ವಾರದ ಚೊಚ್ಚಲ ಗರ್ಭಿಣಿಯನ್ನು ನೋಡಿದ ವಿದ್ಯಾರ್ಥಿನಿ, “ತಲೆ ಐದರಲ್ಲಿ ನಾಲ್ಕು ಭಾಗ ಮೇಲಿದೆ ಮೇಡಂ, ಚಿತ್ರದುರ್ಗಕ್ಕೆ ಕಳಿಸೋಣವೇ?” ಎಂದಳು. “ಮೂತ್ರಕ್ಕೆ ಹೋಗಿ ಬಂದಿದ್ದಾರಾ ಕೇಳಮ್ಮ” ಎಂದೆ. ಹೋಗಿರಲಿಲ್ಲ. ತುಂಬಿದ ಮೂತ್ರಕೋಶ ತಲೆಯನ್ನು ಮೇಲೆ ತಳ್ಳುತ್ತದೆ, ಬೆರಳಿಗೂ ಅಡ್ಡ ಬರುತ್ತದೆ.

ಆಕೆ ಹೋಗಿ ಬಂದ ಮೇಲೆ ಮಂಡಿ ಮಡಿಸಿ ಮಲಗಿಸಿದೆವು. ಉಸಿರು ಬಿಡುವಾಗ ವಿದ್ಯಾರ್ಥಿನಿ ಬೆರಳುಗಳನ್ನು ಮೆಲ್ಲಗೆ ಒಳಗೊತ್ತಿದಳು. ಹೊಟ್ಟೆಯ ಕೆಳಗಿನ ಮೂಳೆಯ ಮೇಲೆ ಎರಡು ಬೆರಳಗಲವಷ್ಟೇ ತಲೆ ಸಿಕ್ಕಿತು, ಅಲುಗಾಡಲಿಲ್ಲ. ಪೂರ್ತಿ ಮೇಲಿರುವ ತಲೆ ಐದು ಬೆರಳಗಲ. ಎರಡು ಅಥವಾ ಕಡಿಮೆ ಸಿಕ್ಕರೆ ತಲೆ ಇಳಿದಿದೆ ಎಂದರ್ಥ. ತಾಯಿ ಕಾರ್ಡಿನಲ್ಲಿ 2/5 ಎಂದು ಬರೆಸಿದೆ.

ಮೂತ್ರಕೋಶ ಖಾಲಿಯಾದರೂ ತಲೆ ಮೇಲೆಯೇ ಇದ್ದಿದ್ದರೆ ವೈದ್ಯರಿಗೆ ತೋರಿಸಬೇಕಿತ್ತು: ಮಾಸು ಕೆಳಗಿರಬಹುದು, ಸೊಂಟ ಕಿರಿದಿರಬಹುದು. ಅಂದಿನಿಂದ ನನ್ನ ಪಾಠಯೋಜನೆಯ ಮೊದಲ ಹಂತ ಕೈಯದಲ್ಲ, ಆ ಪ್ರಶ್ನೆಯದು.