ತಲೆನೋವಿಗೆ ಮೊದಲ ಬಾಗಿಲು ಯಾವುದು?

ಪದೇ ಪದೇ ತಲೆ ನೋಯುವವರು ಸಾಮಾನ್ಯವಾಗಿ ನೋವಿನ ಸ್ಥಳವನ್ನು ನೋಡಿ ತಜ್ಞರನ್ನು ಆರಿಸಿಕೊಳ್ಳುವರು. ಹಣೆ ನೊಂದರೆ ಕಣ್ಣಿನ ವೈದ್ಯರು. ಮೂಗಿನ ಬುಡ ನೊಂದರೆ ಕಿವಿ, ಮೂಗು, ಗಂಟಲಿನ ವೈದ್ಯರು. ಇಡೀ ತಲೆಯೇ ನೊಂದರೆ ಬೆಂಗಳೂರಿನ ನಿಮ್ಹಾನ್ಸ್. ಆದರೆ ನೋಯುವ ಜಾಗವೇ ರೋಗದ ಮೂಲವಾಗಿರಬೇಕೆಂಬ ನಿಯಮವೇನೂ ಇಲ್ಲ. ಅರೆತಲೆನೋವಿನಲ್ಲಿಯೂ ಮೂಗು ಕಟ್ಟುವುದುಂಟು, ಕಣ್ಣಿನಲ್ಲಿ ನೀರು ಬರುವುದುಂಟು.

ಗುಬ್ಬಿಯ ಗೃಹಿಣಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 38. ಮೊದಲು ತಿಂಗಳಿಗೆ ಮೂರು ನಾಲ್ಕು ಬಾರಿ ತಲೆಯ ಒಂದು ಪಕ್ಕ ಮಿಡಿಯುತ್ತಿತ್ತು. ಕಳೆದ ಆರು ತಿಂಗಳಿಂದ ವಾರದಲ್ಲಿ ಐದು ದಿನ ನೋವು. ತುಮಕೂರಿಗೆ ಹೋಗಿ ಕನ್ನಡಕ ಬದಲಾಯಿಸಿದ್ದಾಯಿತು, ಸೈನಸ್ಸಿಗೆ ಔಷಧ ಸೇವಿಸಿದ್ದಾಯಿತು, ಸ್ಕ್ಯಾನ್ ಸಹ ಆಯಿತು. ಯಾವುದರಲ್ಲಿಯೂ ದೋಷ ಕಾಣಲಿಲ್ಲ. ನೋವು ಮಾತ್ರ ನಿಲ್ಲಲಿಲ್ಲ.

ಕೊನೆಗೆ ಊರಿನ ವೈದ್ಯರ ಬಳಿಗೆ ಬಂದಾಗ ಅವರು ರಕ್ತದೊತ್ತಡವನ್ನೂ ಕಣ್ಣಿನ ಹಿಂಭಾಗವನ್ನೂ ಕೈಕಾಲುಗಳ ಬಲವನ್ನೂ ಪರೀಕ್ಷಿಸಿ, "ತಿಂಗಳಿಗೆ ಎಷ್ಟು ದಿನ ಮಾತ್ರೆ ನುಂಗುತ್ತೀರಮ್ಮಾ?" ಎಂದು ಕೇಳಿದರು. ಆಕೆಗೆ ಲೆಕ್ಕ ತಿಳಿಯದು. ನಾಲ್ಕು ವಾರ ನೋವಿನ ದಿನ, ಹೊತ್ತು, ನುಂಗಿದ ಮಾತ್ರೆಗಳನ್ನು ಪುಸ್ತಕದಲ್ಲಿ ಬರೆದಿಡಲು ಹೇಳಿದರು. ಲೆಕ್ಕ 18 ದಿನಗಳಿಗೆ ಬಂದಿತು.

ರೋಗ ಬಯಲಾದುದು ಇಲ್ಲಿ. ಮೂರು ತಿಂಗಳಿಗೂ ಮಿಗಿಲಾಗಿ, ಪ್ಯಾರಾಸಿಟಮಾಲ್‌ನಂತಹ ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ, ಕೆಫೀನ್ ಮುಂತಾದವು ಬೆರೆತ ಮಾತ್ರೆಯನ್ನು 10 ದಿನ ಸೇವಿಸಿದರೆ, ಆ ಮಾತ್ರೆಯೇ ತಲೆನೋವನ್ನು ಹುಟ್ಟಿಸಬಲ್ಲದು. ಇದು ಯಾವ ಸ್ಕ್ಯಾನಿನಲ್ಲಿಯೂ ಕಾಣದು. ಮಾತ್ರೆ ಬಿಟ್ಟ ಮೊದಲ ಕೆಲವು ದಿನ ನೋವು ಹೆಚ್ಚುವುದರಿಂದ ಅನೇಕರು ಹೆದರಿ ಮತ್ತೆ ನುಂಗುವರು. ಆದಕಾರಣ ಆ ದಿನಗಳಲ್ಲಿ ವೈದ್ಯರು ಕೈಗೆಟಕುವಂತಿರುವುದು ಲೇಸು.

ಅರೆತಲೆನೋವನ್ನು ತಡೆಯಲು ಕೊಡುವ ಪ್ರೊಪ್ರನಲಾಲ್ ಉಬ್ಬಸದವರಿಗೆ ಅಪಾಯಕರ. ಆಕೆಗೆ ಉಬ್ಬಸವಿರುವುದನ್ನು ಬಲ್ಲ ಮನೆವೈದ್ಯರು ಬೇರೊಂದು ಔಷಧವನ್ನು ಆರಿಸಿದರು. ಎರಡು ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ನರರೋಗ ತಜ್ಞರನ್ನು ಕಾಣಬೇಕು. ಆಗ ನೋವಿನ ಪುಸ್ತಕವನ್ನೂ ವೈದ್ಯರ ಪತ್ರವನ್ನೂ ಕೊಂಡೊಯ್ದರೆ ತಜ್ಞರ ಕೆಲಸ ಅರ್ಧ ಮುಗಿದಂತೆ.

ಕೆಲವು ತಲೆನೋವುಗಳು ಈ ಸರದಿಗೆ ಕಾಯಲಾರವು. ಕ್ಷಣಮಾತ್ರದಲ್ಲಿ ಸಿಡಿಲಿನಂತೆ ಎರಗುವ ನೋವು, ಜ್ವರದೊಡನೆ ಕತ್ತು ಬಿಗಿಯುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ದೃಷ್ಟಿ ಮಂಜಾಗುವುದು, ತಲೆಗೆ ಪೆಟ್ಟು ಬಿದ್ದ ಬಳಿಕ ಹೆಚ್ಚುತ್ತ ಹೋಗುವ ನೋವು: ಇವುಗಳಲ್ಲಿ ಯಾವುದೊಂದು ಕಂಡರೂ ಕುಣಿಗಲಿನವರಾಗಲಿ ಗುಬ್ಬಿಯವರಾಗಲಿ ತಜ್ಞರ ದಿನವನ್ನು ಕಾಯದೆ, ಆ ಗಳಿಗೆಯಲ್ಲಿಯೇ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಐವತ್ತು ದಾಟಿದವರಿಗೆ ಮೊದಲ ಬಾರಿಗೆ ಬಂದ ತಲೆನೋವನ್ನೂ ಬೇಗನೆ ವೈದ್ಯರಿಗೆ ತೋರಿಸಬೇಕು. ಅಗಿಯುವಾಗ ದವಡೆಯೂ ನೊಂದರೆ ಅಂದೇ ತೋರಿಸಬೇಕು, ತಡಮಾಡಿದರೆ ಕಣ್ಣಿಗೇ ಕುತ್ತು.