ಅಂಗಡಿಯ ಪಿನ್ನು, ಗಿರಾಕಿಯ ನಕ್ಷತ್ರ

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಹೋಗುವವರ ಕಾರು ಕುಣಿಗಲ್ ಹತ್ತಿರ ಪಂಕ್ಚರ್ ಆದರೆ, ಅವರು ದಾರಿಹೋಕರನ್ನು ಕೇಳುವ ಮುಂಚೆ ಫೋನಿನಲ್ಲಿ ಹುಡುಕುತ್ತಾರೆ. ಮ್ಯಾಪ್‌ನಲ್ಲಿ ಕಾಣದ ಅಂಗಡಿ ಪಕ್ಕದಲ್ಲೇ ಇದ್ದರೂ ಅವರ ಪಾಲಿಗೆ ಇಲ್ಲದಂತೆಯೇ. ಅಂಗಡಿಯನ್ನು ಗೂಗಲ್ ಮ್ಯಾಪ್‌ಗೆ ಸೇರಿಸಿ, ಅದರ ವಿವರಗಳನ್ನು ಕಾಲಕಾಲಕ್ಕೆ ಸರಿಪಡಿಸಿ, ಗಿರಾಕಿಗಳು ಬರೆದ ರಿವ್ಯೂಗಳಿಗೆ ಉತ್ತರ ಕೊಡುವುದು ಈಗ ತಿಂಗಳ ಲೆಕ್ಕದಲ್ಲಿ ಮಾಡಿಕೊಡುವ ಕೆಲಸ. ತುಮಕೂರಿನಲ್ಲಿ ಕುಳಿತವರೊಬ್ಬರು ಗುಬ್ಬಿ, ಕುಣಿಗಲ್ ಅಂಗಡಿಗಳನ್ನೂ ನೋಡಿಕೊಳ್ಳಬಹುದು. ಹೆಸರು ನೋಂದಾಯಿಸಲು ಗೂಗಲ್ ಹಣ ಕೇಳುವುದಿಲ್ಲ. ಅಂಗಡಿಯವರು ದುಡ್ಡು ಕೊಡುವುದು ಆ ಶ್ರಮಕ್ಕೆ ಮಾತ್ರ.

ಕುಣಿಗಲ್‌ನ ಒಂದು ಟೈರ್ ಅಂಗಡಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಮೊದಲು ನೋಡಬೇಕಾದದ್ದು ಆ ಅಂಗಡಿ ಈಗಾಗಲೇ ಮ್ಯಾಪ್‌ನಲ್ಲಿ ಇದೆಯೇ ಎಂದು. ಎಷ್ಟೋ ಸಲ ಯಾರೋ ಗಿರಾಕಿ ಸೇರಿಸಿಬಿಟ್ಟಿರುತ್ತಾರೆ. ಅದನ್ನು ಗಮನಿಸದೆ ಹೊಸದು ಮಾಡಿದರೆ ಒಂದೇ ಅಂಗಡಿ ಎರಡು ಕಡೆ ಕಾಣಿಸಿಕೊಂಡು, ರಿವ್ಯೂಗಳು ಹಂಚಿಹೋಗುತ್ತವೆ. ಆಮೇಲೆ ಹೆಸರು. ಬೋರ್ಡಿನಲ್ಲಿ ಇರುವಷ್ಟೇ ಹಾಕಬೇಕು. ‘ಕುಣಿಗಲ್‌ನ ಬೆಸ್ಟ್ ಪಂಕ್ಚರ್ ಶಾಪ್’ ಎಂದು ಬಾಲ ಸೇರಿಸಿದರೆ ಇಡೀ ಖಾತೆಯೇ ಅಮಾನತಾಗಬಹುದು. ಪಿನ್ನನ್ನು ಗಾಡಿ ಬಂದು ನಿಲ್ಲುವ ಬಾಗಿಲಿನ ಮೇಲೇ ಕೂರಿಸಬೇಕು. ಅದು ಹೆದ್ದಾರಿಯ ಆಚೆ ಬದಿಗೆ ಬಿದ್ದರೆ, ಬರುವವರು ಸುತ್ತು ಹಾಕಿಕೊಂಡು ಬರಬೇಕಾಗುತ್ತದೆ.

ಮುಂದಿನದು ಅಂಗಡಿ ನಿಜವಾಗಿ ಇದೆ ಎಂದು ತೋರಿಸುವುದು. ಹಿಂದೆ ಅಂಚೆಯಲ್ಲಿ ಕೋಡ್ ಬರುತ್ತಿತ್ತು; ಈಗ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ. ನಿಲ್ಲಿಸದೆ ಒಂದೇ ಸಲಕ್ಕೆ ರಸ್ತೆ, ಬೋರ್ಡು, ಒಳಗಿನ ಯಂತ್ರ ಇವನ್ನೆಲ್ಲ ತೆಗೆಯಬೇಕು. ಕೊನೆಗೆ ಮಾಲೀಕರೇ ಶಟರ್ ಬೀಗ ತೆಗೆಯುವುದನ್ನೋ ಗಲ್ಲಾಪೆಟ್ಟಿಗೆ ತೆರೆಯುವುದನ್ನೋ ತೋರಿಸಬೇಕು. ಬೋರ್ಡಿನ ಹೆಸರಿಗೂ ಬರೆದುಕೊಟ್ಟ ಹೆಸರಿಗೂ ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ಬಿದ್ದುಹೋಗಬಹುದು.

ಇಷ್ಟು ಒಂದು ಸಲದ ಕೆಲಸ. ತಿಂಗಳ ಕೆಲಸ ಶುರುವಾಗುವುದು ಇಲ್ಲಿಂದ. ಮ್ಯಾಪ್ ನೋಡುವ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ಹಾಗಾಗಿ ಫೋನ್ ನಂಬರು, ಸಮಯ ಮಾಲೀಕರಿಗೇ ತಿಳಿಯದಂತೆ ಬದಲಾಗಿರುವುದುಂಟು. ಗುಬ್ಬಿಯ ಚನ್ನಬಸವೇಶ್ವರ ಜಾತ್ರೆ, ಆಯುಧಪೂಜೆ, ಯುಗಾದಿಯಂಥ ದಿನಗಳ ವೇಳೆಯನ್ನು ಮುಂಚೆಯೇ ಬೇರೆಯಾಗಿ ನಮೂದಿಸಬೇಕು.

ಇದನ್ನು ಬಿಟ್ಟರೆ ಏನಾಗುತ್ತದೆ ಎಂದು ರಿವ್ಯೂ ಹೇಳುತ್ತದೆ. ನಮ್ಮ ಟೈರ್ ಅಂಗಡಿಗೆ ಒಂದೇ ನಕ್ಷತ್ರ ಬಂತೆನ್ನಿ: ‘ರಾತ್ರಿ 10ರವರೆಗೆ ತೆರೆದಿದೆ ಎಂದಿತ್ತು, 8ಕ್ಕೇ ಬಾಗಿಲು ಹಾಕಿತ್ತು.’ ಇದನ್ನು ಅಳಿಸಿ ಎಂದು ಗೂಗಲ್‌ಗೆ ದೂರು ಕೊಟ್ಟರೆ ಫಲವಿಲ್ಲ. ಬೈಗುಳ, ಸುಳ್ಳು ಅನುಭವ, ಸಂಬಂಧವಿಲ್ಲದ ವಿಷಯ ಇಂಥ ನಿಯಮಭಂಗ ಇದ್ದರೆ ಮಾತ್ರ ತೆಗೆಯುತ್ತಾರೆ. ಯಾರ ಮಾತು ಸರಿ ಎಂಬ ಪಂಚಾಯಿತಿ ಅವರು ಮಾಡುವುದಿಲ್ಲ. ಸರಿಯಾದ ದಾರಿ ಎಂದರೆ ಮೊದಲು ಸಮಯ ತಿದ್ದುವುದು, ಆಮೇಲೆ ಉತ್ತರ ಬರೆಯುವುದು: ‘ನಿಮಗೆ ತೊಂದರೆಯಾಯಿತು, ಕ್ಷಮಿಸಿ. ಮ್ಯಾಪ್‌ನಲ್ಲಿ ಸಮಯ ತಪ್ಪಿತ್ತು, ಈಗ ಸರಿಪಡಿಸಿದ್ದೇವೆ. ರಾತ್ರಿ 8ರ ನಂತರ ತುರ್ತಿದ್ದರೆ ಫೋನ್ ಮಾಡಿ.’ ಆ ಉತ್ತರವನ್ನು ಓದುವವರು ಮುಂದೆ ಬರಲಿರುವ ಗಿರಾಕಿಗಳು.

ರಿವ್ಯೂ ಕೇಳುವುದು ತಪ್ಪಲ್ಲ. ಬಿಲ್ಲು ಕೊಡುವಾಗ ಎಲ್ಲರಿಗೂ ಕ್ಯುಆರ್ ಕೋಡ್ ತೋರಿಸಬಹುದು. ಆದರೆ ‘ಐದು ನಕ್ಷತ್ರ ಕೊಟ್ಟರೆ ರಿಯಾಯಿತಿ’ ಎನ್ನುವುದು, ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದು, ನೂರು ರಿವ್ಯೂ ಕೊಳ್ಳುವುದು ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಗೂಗಲ್ ರಿವ್ಯೂಗಳನ್ನು ತೆಗೆದುಹಾಕಿ, ಕೆಲಕಾಲ ಹೊಸದು ಬರದಂತೆ ತಡೆದು, ಸುಳ್ಳು ರಿವ್ಯೂ ತೆಗೆಯಲಾಗಿದೆ ಎಂಬ ಎಚ್ಚರಿಕೆಯನ್ನೂ ಪುಟದಲ್ಲಿ ತೋರಿಸಬಹುದು. ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ತಂದ ಐಎಸ್ 19000 ಮಾನದಂಡವೂ ಕೊಂಡ ವಿಮರ್ಶೆಯನ್ನು ಪ್ರಕಟಿಸಬಾರದು ಎನ್ನುತ್ತದೆ.

ಇನ್ನು ‘ಮೊದಲ ಸ್ಥಾನ ಗ್ಯಾರಂಟಿ’ ಎನ್ನುವವರ ಮಾತು. ಹುಡುಕಿದ್ದಕ್ಕೆ ಅಂಗಡಿ ಎಷ್ಟು ಹೊಂದುತ್ತದೆ, ಎಷ್ಟು ಹತ್ತಿರವಿದೆ, ಎಷ್ಟು ಹೆಸರಾಗಿದೆ ಎಂಬ ಮೂರರ ಮೇಲೆ ಸ್ಥಾನ ನಿಲ್ಲುತ್ತದೆ. ಕ್ಯಾತ್ಸಂದ್ರದಲ್ಲಿ ನಿಂತು ಹುಡುಕುವವರಿಗೂ ತುಮಕೂರು ಬಸ್ ನಿಲ್ದಾಣದಲ್ಲಿ ಹುಡುಕುವವರಿಗೂ ಒಂದೇ ಪಟ್ಟಿ ಬರುವುದಿಲ್ಲ. ದೂರವನ್ನು ಯಾರೂ ದುಡ್ಡು ಪಡೆದು ಕಡಿಮೆ ಮಾಡಲಾರರು.

ಒಪ್ಪಂದಕ್ಕೆ ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಿ. ಖಾತೆ ಅಂಗಡಿಯವರ ಸ್ವಂತ ಜಿಮೇಲ್‌ನಲ್ಲಿ ‘ಓನರ್’ ಆಗಿಯೇ ಇರಬೇಕು; ಸೇವೆ ಕೊಡುವವರನ್ನು ‘ಮ್ಯಾನೇಜರ್’ ಆಗಿ ಮಾತ್ರ ಸೇರಿಸಬೇಕು. ಹೀಗಿದ್ದರೆ ನಾಳೆ ಒಪ್ಪಂದ ಮುರಿದರೂ ಮ್ಯಾನೇಜರ್ ಹೆಸರನ್ನು ತೆಗೆದರೆ ಮುಗಿಯಿತು. ವರ್ಷಗಟ್ಟಲೆ ಕೂಡಿದ ರಿವ್ಯೂಗಳು ಅಂಗಡಿಯಲ್ಲೇ ಉಳಿಯುತ್ತವೆ. ಇದಕ್ಕೆ ಒಪ್ಪದವರಿಗೆ ಮೊದಲ ತಿಂಗಳ ಹಣವನ್ನೂ ಕೊಡಬೇಡಿ.