ಏಜೆನ್ಸಿ ಬಿಲ್ಲು ಗೂಗಲ್ ಖರ್ಚಿಗೆ ತಾಳೆಯಾಗದಿದ್ದರೆ

ಮೈಸೂರಿನಲ್ಲಿ ಮರದ ಪೀಠೋಪಕರಣ ಮಾಡಿ ಮಾರುವ ಒಂದು ಅಂಗಡಿ ಇದೆ ಎಂದುಕೊಳ್ಳಿ. ಗೂಗಲ್ ಜಾಹೀರಾತಿನ ಕೆಲಸವನ್ನು ಮಾಲೀಕರು ಒಂದು ಏಜೆನ್ಸಿಗೆ ವಹಿಸಿದ್ದಾರೆ. ಜಾಹೀರಾತಿಗೆ ಆದ ಖರ್ಚು, ಅದರ ಮೇಲೆ ಶೇ 10 ನಿರ್ವಹಣಾ ಶುಲ್ಕ, ಜಿಎಸ್‌ಟಿ ಪ್ರತ್ಯೇಕ. ಇದು ಒಪ್ಪಂದ. ತಿಂಗಳ ಕೊನೆಗೆ ಗೂಗಲ್ ಆಡ್ಸ್ ಖಾತೆಯಲ್ಲಿ ಕಂಡ ಖರ್ಚು 1,00,000 ರೂಪಾಯಿ. ಏಜೆನ್ಸಿಯಿಂದ ಬಂದ ಬಿಲ್ಲು 1,53,164 ರೂಪಾಯಿ.

ಖಾತೆಯ ವರದಿಯಲ್ಲಿ ಕಾಣುವ ಖರ್ಚಿಗೆ ತೆರಿಗೆ ಸೇರಿರುವುದಿಲ್ಲ. ಗೂಗಲ್ ಅದರ ಮೇಲೆ ಶೇ 18 ಜಿಎಸ್‌ಟಿ ಹಾಕಿ ಏಜೆನ್ಸಿಗೆ ಕೊಡುವ ಬಿಲ್ಲು 1,18,000 ರೂಪಾಯಿಯದು. ನಮ್ಮ ಉದಾಹರಣೆಯ ಏಜೆನ್ಸಿ ಈ ಮೊತ್ತವನ್ನೇ ‘ಖರ್ಚು’ ಎಂದು ಹಿಡಿದಿದೆ. ಅದರ ಮೇಲೆ ಶುಲ್ಕ 11,800, ಕೂಡಿದರೆ 1,29,800. ಅದರ ಮೇಲೆ ಮತ್ತೆ ಶೇ 18 ಜಿಎಸ್‌ಟಿ 23,364. ಹೀಗೆ ತೆರಿಗೆಯ ಮೇಲೂ ಶುಲ್ಕ ಬಿತ್ತು, ತೆರಿಗೆಯ ಮೇಲೂ ತೆರಿಗೆ ಬಿತ್ತು.

ಗೂಗಲ್ ಬಿಲ್ಲು ಏಜೆನ್ಸಿಯ ಜಿಎಸ್‌ಟಿ ಸಂಖ್ಯೆಗೆ ಬಂದಿದ್ದರೆ, ಆ 18,000 ರೂಪಾಯಿ ಹೂಡುವಳಿ ತೆರಿಗೆ ಜಮೆಯಾಗಿ ಏಜೆನ್ಸಿಗೆ ಸಿಗುತ್ತದೆ. ಆದ್ದರಿಂದ ಅದು ಗ್ರಾಹಕರಿಗೆ ಹಾಕಬೇಕಾದದ್ದು ಖರ್ಚು 1,00,000, ಶುಲ್ಕ 10,000, ಎರಡರ ಮೇಲೂ ಜಿಎಸ್‌ಟಿ 19,800, ಒಟ್ಟು 1,29,800. ಗೂಗಲ್ ಬಿಲ್ಲು ಅಂಗಡಿಯ ಹೆಸರಿಗೇ ಬಂದು, ಏಜೆನ್ಸಿ ಅವರ ಪರವಾಗಿ ಹಣವನ್ನಷ್ಟೇ ಕಟ್ಟಿದ್ದರೆ ದಾರಿ ಬೇರೆ. ಆಗ 1,18,000 ರೂಪಾಯಿಯನ್ನು ಇದ್ದದ್ದು ಇದ್ದಂತೆ ವಸೂಲು ಮಾಡಿ, ಶುಲ್ಕಕ್ಕೆ ಮಾತ್ರ ತೆರಿಗೆ ಸೇರಿಸಿ 11,800ರ ಬಿಲ್ಲು ಕೊಡಬೇಕು. ಒಟ್ಟು ಈಗಲೂ 1,29,800ವೇ. ಹಾಗಾಗಿ ಮೊದಲು ನೋಡಬೇಕಾದದ್ದು ಗೂಗಲ್ ಬಿಲ್ಲಿನ ಮೇಲೆ ಯಾರ ಜಿಎಸ್‌ಟಿ ಸಂಖ್ಯೆ ಇದೆ ಎಂಬುದನ್ನು.

‘ಜಿಎಸ್‌ಟಿ ಹೇಗೂ ವಾಪಸು ಬರುತ್ತಲ್ಲ’ ಎಂದು ಮಾಲೀಕರು ಸುಮ್ಮನಾಗುವುದುಂಟು. ಇಲ್ಲಿ ಹೆಚ್ಚಾಗಿ ಹೋದ 23,364 ರೂಪಾಯಿಯಲ್ಲಿ ಬಿಲ್ಲಿನ ಮೇಲೆ ತೆರಿಗೆ ಎಂದು ಬರೆದಿರುವುದು 3,564 ಮಾತ್ರ. ಉಳಿದ 19,800 ‘ಖರ್ಚು’ ಮತ್ತು ‘ಶುಲ್ಕ’ದ ಸಾಲುಗಳೊಳಗೆ ಸೇರಿಹೋಗಿದೆ, ಅದಕ್ಕೆ ಜಮೆ ಸಿಗುವುದಿಲ್ಲ. ಕಂಪೊಸಿಷನ್ ಯೋಜನೆಯಲ್ಲಿರುವ ವ್ಯಾಪಾರಿಗೆ ಆ 3,564 ಕೂಡ ನಷ್ಟವೇ.

ಈಗ ಡಾಲರ್ ವಿಷಯ. ಇದೇ ಅಂಗಡಿ ಅಮೆರಿಕದ ಕನ್ನಡಿಗರಿಗೆ ತೊಟ್ಟಿಲು, ದೇವರ ಮಂಟಪ ಮಾರಲು ಇನ್ನೊಂದು ಖಾತೆ ನಡೆಸುತ್ತಿದೆ, ಅದು ಡಾಲರ್‌ನಲ್ಲಿದೆ. ಖಾತೆ ತೆರೆಯುವಾಗ ಆಯ್ದ ಕರೆನ್ಸಿಯನ್ನು ಗೂಗಲ್ ಆಮೇಲೆ ಬದಲಿಸಗೊಡುವುದಿಲ್ಲ. 1,000 ಡಾಲರ್ ಖರ್ಚಾಗಿ, ಆ ದಿನದ ದರ 85 ರೂಪಾಯಿ ಇತ್ತೆನ್ನಿ. ಏಜೆನ್ಸಿ 88ರಂತೆ ಲೆಕ್ಕ ಹಾಕಿದೆ. ಕೂಡಲೇ ಜಗಳಕ್ಕೆ ಹೋಗಬೇಡಿ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದು, ಬ್ಯಾಂಕು ವಿನಿಮಯಕ್ಕೆ ಶೇ 3 ಹಿಡಿದರೆ 2,550, ಅದರ ಮೇಲೆ ಜಿಎಸ್‌ಟಿ 459. ಒಟ್ಟು 88,009 ಆಗುತ್ತದೆ. 88 ನ್ಯಾಯವಾದ ದರವೇ. 91 ಎಂದು ಬರೆದಿದ್ದರೆ ಮಾತ್ರ ಸುಮಾರು 3,000 ರೂಪಾಯಿ ಗುಟ್ಟಿನ ಶುಲ್ಕ ಇದೆ ಎಂದರ್ಥ. ಶೇ 10 ನಿರ್ವಹಣಾ ಶುಲ್ಕವೂ ಆ ಉಬ್ಬಿದ ಮೊತ್ತದ ಮೇಲೆಯೇ ಬಿದ್ದಿರುತ್ತದೆ. ಖರ್ಚು ಒಂದು ಮಿತಿ ಮುಟ್ಟಿದಾಗಲೆಲ್ಲ ಗೂಗಲ್ ಕಾರ್ಡಿನಿಂದ ಹಣ ಎಳೆಯುವುದರಿಂದ ಒಂದೇ ತಿಂಗಳಲ್ಲಿ ನಾಲ್ಕೈದು ದರ ಇರಬಹುದು. ದರ ಕೇಳುವ ಬದಲು ಕಾರ್ಡಿನ ಸ್ಟೇಟ್‌ಮೆಂಟಿನ ಆ ಸಾಲುಗಳನ್ನು ಕೇಳಿ.

ಸಣ್ಣ ವ್ಯತ್ಯಾಸಗಳಿಗೆ ಬಹುಮಟ್ಟಿಗೆ ಗಡಿಯಾರವೇ ಕಾರಣ. ಡಾಲರ್ ಖಾತೆ ಕ್ಯಾಲಿಫೋರ್ನಿಯಾ ಸಮಯದಲ್ಲಿದ್ದರೆ ಅದರ ಮಾರ್ಚ್ ತಿಂಗಳು ಮುಗಿಯುವುದು ನಮ್ಮ ಏಪ್ರಿಲ್ 1ರ ಮಧ್ಯಾಹ್ನ ಹನ್ನೆರಡೂವರೆಗೆ. ಇಂಥ ವ್ಯತ್ಯಾಸ ಮುಂದಿನ ತಿಂಗಳು ತಾನಾಗಿ ಸರಿಹೋಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ನಕಲಿ ಕ್ಲಿಕ್ಕುಗಳಿಗೆ ಗೂಗಲ್ ಹಿಂದಿರುಗಿಸುವ ಹಣ ಹಾಗಲ್ಲ. ಅದು ಕೆಲವೊಮ್ಮೆ ತಡವಾಗಿ, ಖಾತೆಯ ಬಿಲ್ಲಿಂಗ್ ಪುಟದಲ್ಲಿ ಜಮೆಯಾಗಿ ಬರುತ್ತದೆ. ಏಜೆನ್ಸಿ ಅಷ್ಟರಲ್ಲಿ ಬಿಲ್ಲು ಕಳಿಸಿಯಾಗಿರುತ್ತದೆ. ಮಾಲೀಕರಿಗೆ ಬಿಲ್ಲಿಂಗ್ ಪುಟ ನೋಡುವ ಅವಕಾಶವೇ ಇಲ್ಲದಿದ್ದರೆ ಆ ಜಮೆ ಅವರ ಗಮನಕ್ಕೇ ಬರುವುದಿಲ್ಲ. ಏಜೆನ್ಸಿ ಕಳಿಸುವ ಅಂದವಾದ ಎಕ್ಸೆಲ್ ಶೀಟನ್ನು ಪುರಾವೆ ಎಂದು ನಾನಂತೂ ಒಪ್ಪುವುದಿಲ್ಲ. ಗೂಗಲ್‌ನ ಮೂಲ ಬಿಲ್ಲಿನ ಪಿಡಿಎಫ್ ಬೇಕು.

ಬಿಲ್ಲಿನಲ್ಲಿ ‘ಈಕ್ವಲೈಸೇಷನ್ ಲೆವಿ ಶೇ 6’ ಎಂಬ ಹಳೆಯ ಸಾಲು ಇನ್ನೂ ಉಳಿದಿದ್ದರೆ ಹೊಡೆದುಹಾಕಿಸಿ. 2016ರಲ್ಲಿ ಆನ್‌ಲೈನ್ ಜಾಹೀರಾತಿಗೆ ಬಂದ ಆ ಲೆವಿ 2025ರ ಏಪ್ರಿಲ್ 1ರಿಂದ ರದ್ದಾಗಿದೆ.

ತಪ್ಪು ಸಿಕ್ಕಾಗ ‘ಮುಂದಿನ ತಿಂಗಳು ಕಡಿಮೆ ಮಾಡ್ತೀವಿ ಸರ್’ ಎಂಬ ಫೋನಿನ ಮಾತಿಗೆ ಒಪ್ಪದೆ ಕ್ರೆಡಿಟ್ ನೋಟ್ ಕೇಳಿ ಪಡೆಯಬೇಕು. ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲು ಬರುವುದರೊಳಗೆ ಏಜೆನ್ಸಿ ಅದನ್ನು ಜಿಎಸ್‌ಟಿ ರಿಟರ್ನ್‌ನಲ್ಲಿ ತೋರಿಸಬೇಕು. ಆ ಗಡುವು ದಾಟಿದರೆ ಕಟ್ಟಿದ ತೆರಿಗೆಯನ್ನು ಏಜೆನ್ಸಿ ಇಳಿಸಿಕೊಳ್ಳಲು ಬರುವುದಿಲ್ಲ, ಹಣ ವಾಪಸು ಕೊಡುವ ಉತ್ಸಾಹವೂ ಅಲ್ಲಿಗೆ ತಣ್ಣಗಾಗುತ್ತದೆ.